‘ಯಾರಿಗೂ ಹೇಳಲ್ಲ’ ಅನ್ನೋ ಮಾತು ಕೊಡಬೇಡಿ

1/9

ಫ್ರೆಂಡ್ಸ್, ಈ ಸೀರೀಸ್ ಸ್ವಲ್ಪ ಉದ್ದ ಇದೆ. ಒಂಬತ್ತು ಕ್ಯಾಪ್ಷನ್. ಎಂಎಸ್‌ಡಬ್ಲ್ಯೂ, ಸೈಕಾಲಜಿ ಓದ್ತಾ ಇರೋ ನನ್ನ ಕ್ಲಾಸ್‌ಮೇಟ್ಸ್‌ಗೆ ಎಷ್ಟೋ, ಕೌನ್ಸೆಲರ್ ಹತ್ತಿರ ಹೋಗೋಕೆ ಹೆದರ್ತಾ ಇರೋ ಪಿಯು, ಹೈಸ್ಕೂಲ್ ಹುಡುಗ ಹುಡುಗೀರಿಗೂ ಅಷ್ಟೇ ಬರೆದಿದ್ದು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಾ ಇದ್ದ ಒಬ್ಬ ಹುಡುಗಿಯ ಸಾವಿನ ಕೇಸ್ ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕು ಅಂತ ಅದರಲ್ಲಿ ಹೇಳಿದೆ. ಅಂದರೆ ನಮ್ಮ ಬ್ಯಾಚ್‌ನ ಎಷ್ಟೋ ಜನ ನಾಳೆ ಬಿಡದಿ, ಮಾಗಡಿ, ಕನಕಪುರದ ಯಾವುದೋ ಕಾಲೇಜಿನ ಸಣ್ಣ ರೂಮಲ್ಲಿ ಆ ಕುರ್ಚಿ ಮೇಲೆ ಕೂತಿರ್ತೀವಿ. ಎದುರಿಗೆ ಹದಿನಾರರ ಹುಡುಗಿ ಕೂತು ಮೊದಲು ಕೇಳೋ ಪ್ರಶ್ನೆ ಒಂದೇ: ‘ಮೇಡಂ, ಮನೇಲಿ ಹೇಳಲ್ಲ ತಾನೇ?’

ಆಗ ಬಾಯಿಗೆ ತಾನಾಗೇ ಬರೋ ಉತ್ತರ ‘ಇಲ್ಲ ಪುಟ್ಟ, ಯಾರಿಗೂ ಹೇಳಲ್ಲ’.

ಈ ಉತ್ತರ ತಪ್ಪು ಅಂತ ನನ್ನ ವಾದ. ಹದಿನೆಂಟು ತುಂಬದವರಿಗೆ ಈ ಮಾತು ಕೊಡೋ ಅಧಿಕಾರ ಯಾವ ಕೌನ್ಸೆಲರ್‌ಗೂ ಇಲ್ಲ. ಹಾಗಂತ ಅಪ್ಪ ಅಮ್ಮ ಕೇಳಿದ ತಕ್ಷಣ ರೂಮಲ್ಲಿ ಆದ ಮಾತನ್ನೆಲ್ಲ ಒಪ್ಪಿಸೋದೂ ತಪ್ಪು. ಎರಡರ ಮಧ್ಯೆ ಒಂದು ದಾರಿ ಇದೆ. ಆ ದಾರಿಯನ್ನ ಮಗು ಬಾಯಿ ಬಿಡೋಕೆ ಮುಂಚೇನೇ ತೋರಿಸಬೇಕು, ಆಮೇಲೆ ಅಲ್ಲ.

2/9

ಮೊದಲು ಕಾನೂನು ಏನು ಹೇಳತ್ತೆ ನೋಡೋಣ. ಬೋರ್ ಆಗಲ್ಲ, ಒಂದೇ ಸೆಕ್ಷನ್.

ಮಾನಸಿಕ ಆರೋಗ್ಯ ಕಾಯ್ದೆ, 2017. ಅದರ 23ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೀತಿರೋ ವ್ಯಕ್ತಿಗೆ ಗೌಪ್ಯತೆಯ ಹಕ್ಕಿದೆ. ಅದರ ಜೊತೆಗೇ ಕೆಲವು ವಿನಾಯಿತಿಗಳೂ ಇವೆ. ಚಿಕಿತ್ಸೆ ಕೊಡೋ ಬೇರೆ ವೃತ್ತಿಪರರಿಗೆ ಹೇಳಬಹುದು. ಬೇರೆಯವರಿಗೆ ಹಾನಿ ಆಗೋದನ್ನ ತಪ್ಪಿಸೋಕೆ ಹೇಳಬಹುದು. ಜೀವಕ್ಕೆ ಅಪಾಯ ಇದ್ದರೆ ಹೇಳಬಹುದು. ಕೋರ್ಟ್ ಆದೇಶ ಬಂದರೆ ಹೇಳಬೇಕು. ಆ ವ್ಯಕ್ತಿಯ ‘ನಾಮನಿರ್ದೇಶಿತ ಪ್ರತಿನಿಧಿ’ಗೂ ಹೇಳಬಹುದು. ಹದಿನೆಂಟರ ಒಳಗಿನವರಿಗೆ ಈ ಪ್ರತಿನಿಧಿ ಯಾರು? 15ನೇ ಸೆಕ್ಷನ್ ಪ್ರಕಾರ ಕಾನೂನುಬದ್ಧ ಪೋಷಕರು, ಅಂದರೆ ಸಾಮಾನ್ಯವಾಗಿ ಅಪ್ಪ ಅಮ್ಮ.

ಇಲ್ಲಿಗೆ ಓದಿ ನಿಲ್ಲಿಸಿದರೆ ‘ಹಂಗಾದ್ರೆ ಎಲ್ಲಾ ಹೇಳ್ಬೇಕು’ ಅನ್ಸತ್ತೆ. ಆದರೆ ಸೆಕ್ಷನ್‌ನ ಪದಗಳನ್ನ ನಿಧಾನವಾಗಿ ಓದಿ. ಪ್ರತಿನಿಧಿಗೆ ಮಾಹಿತಿ ಕೊಡೋದು ಅವರು ಕಾಯ್ದೆಯ ಪ್ರಕಾರ ತಮ್ಮ ಕರ್ತವ್ಯ ಮಾಡೋದಕ್ಕೆ. ಹಾನಿ ತಪ್ಪಿಸೋಕೆ ಕೊಡೋ ಮಾಹಿತಿ ಆ ಹಾನಿ ತಪ್ಪಿಸೋಕೆ ಬೇಕಾದಷ್ಟು ಮಾತ್ರ. ಜೀವಾಪಾಯ ಇದ್ದಾಗಲೂ ಅಷ್ಟೇ, ಬೇಕಾದಷ್ಟು ಮಾತ್ರ.

ಈ ‘ಬೇಕಾದಷ್ಟು ಮಾತ್ರ’ ಅನ್ನೋದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಮುಂದಿನ ಎಲ್ಲ ಕ್ಯಾಪ್ಷನ್ ಇದರ ಮೇಲೇ ನಿಂತಿದೆ.

ಒಂದು ಮಿತಿ: ಈ ಕಾಯ್ದೆಯ ‘ಮಾನಸಿಕ ಆರೋಗ್ಯ ವೃತ್ತಿಪರ’ ಅನ್ನೋ ವ್ಯಾಖ್ಯೆಯೊಳಗೆ ಕಾಲೇಜಿನ ಎಲ್ಲ ಕೌನ್ಸೆಲರ್‌ಗಳೂ ಬರಲ್ಲ. ಆದರೆ ವೃತ್ತಿಧರ್ಮ ಅಂತ ನಮಗೆ ಕಲಿಸೋದೂ ಇದನ್ನೇ. ಅಳತೆಗೋಲು ಸಿಕ್ಕಿದಮೇಲೆ ಬಳಸೋದೇ ಒಳ್ಳೇದು.

3/9

ಈಗ ರೂಮಿಗೆ ಬನ್ನಿ. ಮೊದಲ ಭೇಟಿ.

ಬಹಳ ಕಡೆ ಏನಾಗತ್ತೆ ಅಂದರೆ, ಅಮ್ಮ ಮಗಳನ್ನ ಕರ್ಕೊಂಡು ಬರ್ತಾರೆ, ಕೌನ್ಸೆಲರ್ ಅಮ್ಮನ್ನ ಹೊರಗೆ ಕೂರಿಸಿ ನೇರವಾಗಿ ‘ಏನಮ್ಮ ಪ್ರಾಬ್ಲಮ್ಮು?’ ಅಂತ ಶುರು ಮಾಡ್ತಾರೆ. ಗೌಪ್ಯತೆಯ ಮಾತು ಬರೋದು ಮೂರನೇ ಸೆಷನ್‌ನಲ್ಲಿ, ಏನೋ ಗಂಭೀರ ವಿಷಯ ಹೊರಬಿದ್ದಮೇಲೆ. ಅಷ್ಟೊತ್ತಿಗೆ ಹುಡುಗಿ ಎಲ್ಲಾ ಹೇಳಿ ಮುಗಿಸಿರ್ತಾಳೆ. ಆಗ ‘ಇದನ್ನ ನಾನು ಮನೇಲಿ ಹೇಳ್ಲೇಬೇಕು’ ಅಂದರೆ ಅವಳಿಗೆ ಬಲೆಗೆ ಬಿದ್ದಂಗೆ ಆಗತ್ತೆ.

ಸರಿಯಾದ ಕ್ರಮ ಉಲ್ಟಾ. ಮೊದಲ ಹತ್ತು ನಿಮಿಷ ಪೋಷಕರು, ಮಗು, ಕೌನ್ಸೆಲರ್ ಎಲ್ಲರೂ ಒಂದೇ ರೂಮಲ್ಲಿ. ಒಂದೇ ಮಾತು ಎಲ್ಲರ ಕಿವಿಗೂ ಬೀಳಬೇಕು. ನಾನಾದರೆ ಹೀಗೆ ಹೇಳ್ತೀನಿ:

‘ಇಲ್ಲಿ ಇವಳು ಮಾತಾಡೋದು ನನ್ನ ಹತ್ತಿರ ಇರತ್ತೆ. ಅಮ್ಮಾ, ಇವಳು ಬರ್ತಾ ಇದ್ದಾಳಾ, ಸುಧಾರಿಸ್ತಾ ಇದ್ದಾಳಾ, ನೀವು ಮನೇಲಿ ಏನು ಮಾಡಬೇಕು ಅನ್ನೋದನ್ನ ನಿಮಗೆ ನಾನು ಹೇಳ್ತೀನಿ. ಏನೇನು ಮಾತಾಡಿದ್ಲು ಅನ್ನೋದನ್ನ ಹೇಳಲ್ಲ. ಆದರೆ ಕೆಲವು ವಿಷಯ ನನ್ನ ಹತ್ತಿರ ಇಟ್ಕೊಳ್ಳೋಕೆ ಆಗಲ್ಲ. ಇವಳ ಜೀವಕ್ಕೆ ಅಪಾಯ ಅನ್ಸಿದರೆ, ಇವಳಿಂದ ಬೇರೆಯವರಿಗೆ ಅಪಾಯ ಅನ್ಸಿದರೆ, ಯಾರಾದರೂ ಇವಳಿಗೆ ಲೈಂಗಿಕ ದೌರ್ಜನ್ಯ ಮಾಡಿದ್ದರೆ, ಹದಿನೆಂಟರ ಒಳಗೆ ಮದುವೆ ಮಾಡೋಕೆ ಹೊರಟಿದ್ದರೆ, ಕೋರ್ಟ್ ಕೇಳಿದರೆ. ಆಗಲೂ ಯಾರಿಗೆ ಹೇಳಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟೇ, ಇವಳಿಗೆ ಮೊದಲು ತಿಳಿಸಿಯೇ ಹೇಳ್ತೀನಿ.’

ಆಮೇಲೆ ಪೋಷಕರನ್ನ ಹೊರಗೆ ಕಳಿಸಿ ಹುಡುಗಿಗೆ ಒಂದು ಪ್ರಶ್ನೆ ಕೇಳಿ: ‘ನಾನು ಏನೇನು ಹೇಳಲೇಬೇಕಾಗತ್ತೆ? ನಿನ್ನ ಮಾತಲ್ಲಿ ಹೇಳು.’ ಸುಮ್ಮನೆ ತಲೆ ಅಲ್ಲಾಡಿಸಿದರೆ ಅರ್ಥ ಆಗಿಲ್ಲ ಅಂತ ಲೆಕ್ಕ. ಅವಳೇ ಬಾಯಿಬಿಟ್ಟು ಹೇಳಿದರೆ ಮಾತ್ರ ಒಪ್ಪಂದ ಆಯ್ತು ಅಂತ.

4/9

ಒಂದು ಉದಾಹರಣೆ ಕಟ್ತೀನಿ. ಇದು ಯಾರ ಕಥೆಯೂ ಅಲ್ಲ. ವಿಷಯ ಅರ್ಥ ಆಗ್ಲಿ ಅಂತ ನಾನೇ ಕಲ್ಪಿಸಿದ್ದು.

ಬಿಡದಿ ಪಕ್ಕದ ಹಳ್ಳಿ. ಅಪ್ಪ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅಮ್ಮ ಮನೇಲಿ ರೇಷ್ಮೆ ಹುಳು ಸಾಕ್ತಾರೆ. ಮಗಳಿಗೆ ಹದಿನಾರು, ಫಸ್ಟ್ ಪಿಯು ಸೈನ್ಸ್. ಮಾರ್ಕ್ಸ್ ಬಿದ್ದಿದೆ, ಊಟ ಬಿಟ್ಟಿದ್ದಾಳೆ ಅಂತ ಕಾಲೇಜಿನ ಕೌನ್ಸೆಲರ್ ಹತ್ತಿರ ಬಂದಿದ್ದಾಳೆ.

ಎರಡು ಸೆಷನ್‌ನಲ್ಲಿ ಮೂರು ವಿಷಯ ಹೊರಬಂತು. ಒಂದು, ಅವಳಿಗೆ ಸೈನ್ಸ್ ಬೇಡ, ಕಾಮರ್ಸ್ ಬೇಕಿತ್ತು. ಎರಡು, ಕ್ಲಾಸಿನ ಒಬ್ಬ ಹುಡುಗ ಇಷ್ಟ, ರಾತ್ರಿ ಮೆಸೇಜ್ ಮಾಡ್ತಾರೆ. ಮೂರು, ಅಪ್ಪ ಎಲ್ಲರ ಮುಂದೆ ಬೈದಿದ್ದು ಅವಳಿಗೆ ಇನ್ನೂ ಚುಚ್ಚತ್ತೆ.

ಎರಡನೇ ಸೆಷನ್ ಆದ ಸಂಜೆ ಅಮ್ಮನ ಫೋನ್: ‘ಏನಂದ್ಲು ಮೇಡಂ ನಮ್ಮುಡ್ಗಿ? ಯಾವ್ದಾದ್ರೂ ಹುಡ್ಗನ್ ವಿಷ್ಯಾನಾ? ನಮ್ ಮಗ್ಳು, ನಾವ್ ಕೇಳ್ಬಾರ್ದಾ?’

ಈ ಪ್ರಶ್ನೆಯಲ್ಲಿ ತಪ್ಪಿಲ್ಲ. ಅದರಲ್ಲಿರೋದು ಭಯ. ‘ಅದು ಕಾನ್ಫಿಡೆನ್ಶಿಯಲ್ ಅಮ್ಮಾ’ ಅಂತ ಫೋನಿಟ್ಟರೆ ಆ ಭಯ ಇನ್ನೂ ಜಾಸ್ತಿ ಆಗತ್ತೆ, ಅವತ್ತು ರಾತ್ರೀನೇ ಮಗಳ ಮೊಬೈಲ್ ಕಿತ್ಕೊಳ್ತಾರೆ. ‘ಹುಡುಗನ ವಿಷಯ ಏನಿಲ್ಲ’ ಅಂದರೆ ಅದು ಸುಳ್ಳು. ಇದು ಬಹಳ ಜನಕ್ಕೆ ಹೊಳೆಯಲ್ಲ. ಒಂದು ಸಲ ‘ಇಲ್ಲ’ ಅಂತ ಹೇಳೋ ಅಭ್ಯಾಸ ಮಾಡ್ಕೊಂಡರೆ, ಮುಂದೊಂದು ದಿನ ‘ಹೇಳೋಕಾಗಲ್ಲ’ ಅಂದ ತಕ್ಷಣ ಏನೋ ಇದೆ ಅಂತ ಅರ್ಥ ಆಗ್ಬಿಡತ್ತೆ. ಅದಕ್ಕೇ ಇದ್ದರೂ ಇಲ್ಲದಿದ್ದರೂ ಒಂದೇ ಉತ್ತರ ಇರಬೇಕು.

‘ಅಮ್ಮಾ, ಅವಳು ಮಾತಾಡಿದ್ದೇನು ಅನ್ನೋದನ್ನ ನಾನು ಹೇಳಲ್ಲ, ಮೊದಲ ದಿನ ಒಪ್ಕೊಂಡಿದ್ವಲ್ಲ. ಸದ್ಯ ಜೀವಕ್ಕೆ ಅಪಾಯ ಅನ್ನೋ ಥರದ್ದು ಏನೂ ನನಗೆ ಕಂಡಿಲ್ಲ, ಕಂಡಿದ್ದರೆ ನಾನೇ ಫೋನ್ ಮಾಡ್ತಿದ್ದೆ. ಓದಿನ ಒತ್ತಡದ ಬಗ್ಗೆ ಕೆಲಸ ಮಾಡ್ತಾ ಇದೀವಿ. ಈ ವಾರ ಒಂದು ಸಹಾಯ ಮಾಡಿ. ಊಟಕ್ಕೆ ಕೂತಾಗ ಮಾರ್ಕ್ಸ್ ಮಾತು ತೆಗೀಬೇಡಿ. ಅವಳಾಗೇ ನಿಮ್ಮ ಹತ್ತಿರ ಹೇಳ್ಕೊಳ್ಳೋ ಹಾಗೆ ನಾನು ಪ್ರಯತ್ನ ಮಾಡ್ತೀನಿ.’

ಅಮ್ಮನಿಗೆ ಮೂರು ಸಿಕ್ತು: ಅಪಾಯ ಇಲ್ಲ ಅನ್ನೋ ಸಮಾಧಾನ, ಕೆಲಸ ಎತ್ತ ಸಾಗ್ತಿದೆ ಅನ್ನೋ ದಿಕ್ಕು, ತಾನು ಮಾಡಬಹುದಾದ ಒಂದು ಕೆಲಸ. ಹೆಚ್ಚಿನ ಅಮ್ಮಂದಿರಿಗೆ ಬೇಕಾಗಿರೋದೂ ಇದೇ. ಕಾಮರ್ಸ್ ವಿಷಯವನ್ನ ಹುಡುಗಿಯೇ ಹೇಳೋ ಹಾಗೆ ತಯಾರಿ ಮಾಡೋದು ಮುಂದಿನ ಸೆಷನ್‌ನ ಕೆಲಸ. ಹುಡುಗನ ವಿಷಯ ರೂಮಲ್ಲೇ ಉಳಿಯತ್ತೆ.

ಈ ಮಾತುಗಳನ್ನ ಮುಂದಿನ ಭೇಟಿಯಲ್ಲಿ ಹುಡುಗಿಗೂ ತಿಳಿಸಿ: ‘ನಿಮ್ಮಮ್ಮ ಫೋನ್ ಮಾಡಿದ್ರು, ನಾನು ಇಷ್ಟು ಹೇಳ್ದೆ.’ ಬೆನ್ನ ಹಿಂದೆ ಏನೂ ನಡೀತಿಲ್ಲ ಅಂತ ಅವಳಿಗೆ ಗೊತ್ತಾಗೋದು ಹೀಗೇನೇ.

5/9

ಮೂರನೇ ಸೆಷನ್. ಹುಡುಗಿ ತೋಳು ಮಡಚಿದಾಗ ಕೈ ಮೇಲೆ ಗೆರೆಗಳು ಕಾಣ್ತವೆ. ಕೇಳಿದರೆ ‘ಸುಮ್ನೆ ಮಾಡ್ಕೊಂಡಿದ್ದು ಮೇಡಂ, ಹೇಳ್ಬೇಡಿ ಪ್ಲೀಸ್’ ಅಂತಾಳೆ.

(ಇದನ್ನ ಓದ್ತಾ ನಿಮಗೇ ಸಂಕಟ ಆದರೆ ಇಲ್ಲೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.)

ಇಲ್ಲಿ ಎರಡು ಥರದ ಎಡವಟ್ಟು ಆಗತ್ತೆ. ಒಂದು, ಗಾಬರಿಬಿದ್ದು ತಕ್ಷಣ ಅಪ್ಪನಿಗೆ ಫೋನ್. ಇನ್ನೊಂದು, ‘ಪಾಪ ನಂಬಿ ಹೇಳಿದ್ದಾಳೆ’ ಅಂತ ಸುಮ್ಮನಾಗೋದು. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಪ್ರಶ್ನೆ ಕೇಳೋದು, ನೇರವಾಗಿ ಕೇಳೋದು. ನೋವು ತಡ್ಕೊಳ್ಳೋಕೆ ಗಾಯ ಮಾಡ್ಕೊಳ್ಳೋದು, ಸಾಯಬೇಕು ಅಂತ ಇರೋದು ಎರಡೂ ಒಂದೇ ಅಲ್ಲ. ಆದರೆ ಒಂದು ಇದ್ದ ಕಡೆ ಇನ್ನೊಂದು ಬರೋ ಸಾಧ್ಯತೆ ಹೆಚ್ಚು. ಅದಕ್ಕೇ ಊಹೆ ಮಾಡಬಾರದು.

‘ಸಾಯಬೇಕು ಅಂತ ಅನ್ಸಿದೆಯಾ? ಕೊನೇ ಸಲ ಯಾವಾಗ? ಹೇಗೆ ಅಂತ ಯೋಚನೆ ಮಾಡಿದ್ಯಾ? ಅದಕ್ಕೆ ಬೇಕಾಗಿದ್ದು ಮನೇಲಿ ಕೈಗೆ ಸಿಗೋ ಹಾಗಿದೆಯಾ? ಯಾವಾಗ ಅಂತ ಅಂದ್ಕೊಂಡಿದ್ಯಾ? ನಿನ್ನ ತಡೆದಿದ್ದು ಏನು?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗಾಗತ್ತೆ ಅಂತ ಜನ ಹೆದರ್ತಾರೆ. ಹಾಗಾಗಲ್ಲ. ಕೊನೆಗೂ ಯಾರೋ ಕೇಳಿದರಲ್ಲ ಅಂತ ಹಗುರ ಆಗೋದೇ ಹೆಚ್ಚು.

ನಮ್ಮ ಉದಾಹರಣೆಯ ಹುಡುಗಿ ಹೇಳಿದ್ದು: ಎರಡು ವಾರದ ಹಿಂದೆ ಒಂದು ರಾತ್ರಿ ಸಾಯೋಣ ಅನ್ಸಿತ್ತು. ಈಗ ಇಲ್ಲ. ಆದರೆ ರಿಸಲ್ಟ್ ಬಂದಮೇಲೆ ಏನೋ ಗೊತ್ತಿಲ್ಲ.

ಇದು ಗೆರೆ ದಾಟಿದೆ. ದಿನಾಂಕ ಹತ್ತಿರ ಇದೆ, ಯೋಚನೆ ಬಂದು ಹೋಗಿದೆ, ಗಾಯ ಆಗ್ತಾ ಇದೆ. ಮನೇಲಿ ಅವಳನ್ನ ನೋಡ್ಕೊಳ್ಳೋ ದೊಡ್ಡವರಿಗೆ ಇದು ಗೊತ್ತಿಲ್ಲದೆ ಅವಳು ಸೇಫ್ ಇರಲ್ಲ. ಹೇಳಲೇಬೇಕು, ಇವತ್ತೇ, ಅವಳು ಮನೆಗೆ ಹೋಗೋ ಮುಂಚೆ. ‘ಈಗಲೇ ಮಾಡ್ಕೊಳ್ತೀನಿ’ ಅನ್ನೋ ಸ್ಥಿತಿ ಇದ್ದಿದ್ದರೆ ಅವಳನ್ನ ಒಂದು ಕ್ಷಣವೂ ಒಬ್ಬಳೇ ಬಿಡದೆ, ಮನೆಯವರನ್ನ ಕರೆಸಿ, ರಾಮನಗರದ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರವೋ ನಿಮ್ಹಾನ್ಸ್‌ಗೋ ನೇರ ಕಳಿಸಬೇಕಿತ್ತು.

6/9

‘ಹೇಳಬೇಕು’ ಅಂತ ತೀರ್ಮಾನ ಆಯ್ತು. ಇನ್ನು ಹೇಗೆ? ನನ್ನ ಪ್ರಕಾರ ನಂಬಿಕೆ ಉಳಿಯೋದೂ ಮುರಿಯೋದೂ ಈ ಅರ್ಧ ಗಂಟೆಯಲ್ಲೇ.

ಹುಡುಗಿಗೆ ಮೊದಲು ಹೇಳಿ: ‘ಮೊದಲ ದಿನ ನಾನು ಹೇಳಿದ್ದೆನಲ್ಲ, ಜೀವದ ವಿಷಯ ಬಂದರೆ ನನ್ನ ಹತ್ತಿರ ಇಟ್ಕೊಳ್ಳೋಕೆ ಆಗಲ್ಲ ಅಂತ. ಅದು ಈಗ ಬಂದಿದೆ. ಹೇಳೋದಾ ಬೇಡ್ವಾ ಅನ್ನೋದು ನಮ್ಮಿಬ್ಬರ ಕೈಲೂ ಇಲ್ಲ. ಹೇಗೆ ಹೇಳೋದು ಅನ್ನೋದು ನಿನ್ನ ಕೈಲಿದೆ.’

ಆಮೇಲೆ ನಿಜವಾದ ಆಯ್ಕೆ ಕೊಡಿ. ಅಮ್ಮನಿಗಾ, ಅಪ್ಪನಿಗಾ, ಇಬ್ಬರಿಗೂನಾ? ನೀನೇ ಹೇಳ್ತೀಯಾ, ನಾನು ಹೇಳಲಾ? ನೀನು ಪಕ್ಕದಲ್ಲಿ ಕೂತಿರ್ತೀಯಾ, ಹೊರಗಿರ್ತೀಯಾ? ಯಾವ ಮಾತು ಹೇಳೋದು ಬೇಡ? ಹುಡುಗಿ ಅಂದಳು: ‘ಅಮ್ಮನಿಗೆ ಮಾತ್ರ. ನೀವೇ ಹೇಳಿ, ನಾನಿರ್ತೀನಿ. ಅವನ ವಿಷಯ ಬೇಡ. ಅಪ್ಪ ಬೈದಿದ್ದು ಬೇಡ.’

ಅಮ್ಮ ಬಂದರು. ಕೌನ್ಸೆಲರ್ ಹೇಳಿದ್ದು ಇಷ್ಟೇ: ‘ಇವಳಿಗೆ ತುಂಬ ಕಷ್ಟ ಆಗಿದೆ. ಕೈ ಮೇಲೆ ಗಾಯ ಮಾಡ್ಕೊಂಡಿದ್ದಾಳೆ. ಎರಡು ವಾರದ ಹಿಂದೆ ಬದುಕೋದೇ ಬೇಡ ಅನ್ನಿಸಿತ್ತು. ಈಗ ಆ ಯೋಚನೆ ಇಲ್ಲ ಅಂತಾಳೆ. ಆದರೂ ರಿಸಲ್ಟ್ ಮುಗಿಯೋವರೆಗೂ ಹುಷಾರಾಗಿರಬೇಕು. ಇದನ್ನ ನಿಮಗೆ ಹೇಳೋಕೆ ಒಪ್ಕೊಂಡು ಇಲ್ಲೇ ಕೂತಿದ್ದಾಳೆ, ಅದು ದೊಡ್ಡ ವಿಷಯ.’

ಮುಂದೆ ಮಾಡಬೇಕಾದ್ದು: ಮಾತ್ರೆ ಡಬ್ಬ, ತೋಟಕ್ಕೆ ಹೊಡೆಯೋ ಔಷಧಿ ಬೀಗದಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ರಾತ್ರಿ ಒಬ್ಬಳೇ ಮಲಗೋದು ಬೇಡ. ರಿಸಲ್ಟ್ ದಿನ ಮನೇಲಿ ಒಬ್ಬರು ಇರಲಿ. ಗಾಯ ತೋರ್ಸು ಅಂತ ಬಲವಂತ ಬೇಡ. ಈ ವಾರದೊಳಗೆ ಮನೋವೈದ್ಯರನ್ನ ಒಂದ್ಸಲ ನೋಡಬೇಕು. ರಾತ್ರಿ ಏನಾದರೂ ಆದರೆ 14416, ತುರ್ತು ಇದ್ದರೆ 112.

ಅಮ್ಮ ಅಳ್ತಾ ಕೇಳೇ ಕೇಳ್ತಾರೆ: ‘ಯಾಕ್ ಮೇಡಂ? ಯಾವನಾದ್ರೂ ಇದಾನಾ?’ ಉತ್ತರ ಮತ್ತೆ ಅದೇ: ‘ಕಾರಣ ಒಂದೇ ಇರಲ್ಲ ಅಮ್ಮಾ. ಅದನ್ನ ಅವಳು ತಾನಾಗೇ ಹೇಳ್ಲಿ. ಇವತ್ತು ನಿಮಗೆ ಗೊತ್ತಿರಬೇಕಾಗಿದ್ದು ಅವಳನ್ನ ಕಾಪಾಡೋಕೆ ಬೇಕಾಗಿದ್ದು.’

ಹುಡುಗನ ಹೆಸರು ಗೊತ್ತಾಗೋದರಿಂದ ಅವಳ ಜೀವ ಉಳಿಯಲ್ಲ. ಔಷಧಿಗೆ ಬೀಗ ಹಾಕೋದರಿಂದ ಉಳಿಯತ್ತೆ. ‘ಬೇಕಾದಷ್ಟು ಮಾತ್ರ’ ಅಂದರೆ ಇದು.

ಹಾಗಾದರೆ ಅಪ್ಪ? ಅಮ್ಮನ ಜೊತೆ ಕೂತೇ ತೀರ್ಮಾನ ಮಾಡಬೇಕು, ಯಾವತ್ತು, ಯಾವ ಮಾತಲ್ಲಿ ಅಂತ. ಅಮ್ಮನ ತಲೆ ಮೇಲೆ ಇನ್ನೊಂದು ಗುಟ್ಟು ಹೊರಿಸಿ ಕಳಿಸೋದೂ ಸರಿಯಲ್ಲ.

7/9

ಇದುವರೆಗೆ ನೋಡಿದ್ದು ಅಪ್ಪ ಅಮ್ಮನಿಗೆ ಹೇಳೋದರಿಂದ ಮಗು ಸೇಫ್ ಆಗೋ ಕೇಸ್. ಎಲ್ಲ ಕೇಸೂ ಹಾಗಿರಲ್ಲ.

ಒಬ್ಬ ಹದಿನಾಲ್ಕರ ಹುಡುಗ ‘ನಮ್ಮ ಮಾವ ನನ್ನ ಮುಟ್ತಾನೆ’ ಅಂತ ಹೇಳಿದ ಅಂದ್ಕೊಳ್ಳಿ. ಆ ಮಾವ ಅದೇ ಮನೇಲಿದ್ದಾನೆ. ಇಲ್ಲಿ ಪೋಕ್ಸೋ ಕಾಯ್ದೆ, 2012 ಬರತ್ತೆ. ಅದರ 19ನೇ ಸೆಕ್ಷನ್ ‘ಯಾವುದೇ ವ್ಯಕ್ತಿ’ ಅನ್ನತ್ತೆ. ಕೌನ್ಸೆಲರ್, ಟೀಚರ್, ಟ್ರೈನಿ, ಪಕ್ಕದ್ಮನೆಯವರು, ಯಾರೇ ಆಗಲಿ. ಅಪರಾಧ ಆಗಿದೆ ಅಂತ ಗೊತ್ತಾದರೆ, ಆಗಬಹುದು ಅನ್ನೋ ಆತಂಕ ಇದ್ದರೂ, ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ತಿಳಿಸದಿದ್ದ ಮಗುವಿಗೆ ಮಾತ್ರ ಈ ಶಿಕ್ಷೆ ಇಲ್ಲ.

ಇಲ್ಲಿ ಗಮನಿಸಿ. ಕಾನೂನು ಹೇಳು ಅನ್ನೋದು ಪೊಲೀಸರಿಗೆ. ಅಪ್ಪ ಅಮ್ಮನಿಗೆ ಹೇಳಿದೆ, ನನ್ನ ಕರ್ತವ್ಯ ಮುಗೀತು ಅನ್ನೋ ಹಾಗಿಲ್ಲ. ಪ್ರಿನ್ಸಿಪಾಲ್‌ಗೆ ಹೇಳಿ ಕೈತೊಳ್ಕೊಳ್ಳೋ ಹಾಗೂ ಇಲ್ಲ. ಅಷ್ಟೇ ಅಲ್ಲ, ಕೆಲವು ಸಲ ಮನೆಯವರಿಗೆ ಮೊದಲು ಹೇಳೋದೇ ಅಪಾಯ. ‘ಮರ್ಯಾದೆ ಹೋಗತ್ತೆ’ ಅಂತ ಮಗುವಿನ ಬಾಯಿ ಮುಚ್ಚಿಸಬಹುದು, ಊರಿಂದ ಊರಿಗೆ ಕಳಿಸಬಹುದು. ದೌರ್ಜನ್ಯ ಮಾಡಿದವನು ಅಥವಾ ಅವನನ್ನ ಕಾಯೋರು ಮನೇಲೇ ಇದ್ದರೆ, ಮೊದಲು ಹೋಗಬೇಕಾದ್ದು ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ. ಮಕ್ಕಳ ಕಲ್ಯಾಣ ಸಮಿತಿಗೆ ಪೊಲೀಸರೇ 24 ಗಂಟೆಯೊಳಗೆ ವರದಿ ಮಾಡಬೇಕು ಅಂತ ಅದೇ 19ನೇ ಸೆಕ್ಷನ್‌ನಲ್ಲಿದೆ.

ಮಗುವಿಗೆ ಇದನ್ನ ಹೇಳುವಾಗ ಬರೀ ‘ಪೊಲೀಸ್’ ಅಂದರೆ ಸ್ಟೇಷನ್, ಲಾಠಿ ಕಣ್ಮುಂದೆ ಬರತ್ತೆ. ಮುಂದೇನಾಗತ್ತೆ ಅಂತ ಬಿಡಿಸಿ ಹೇಳಿ. ಹೇಳಿಕೆಯನ್ನ ನಿನ್ನ ಮನೇಲಿ, ಅಥವಾ ನೀನು ಇಷ್ಟಪಟ್ಟ ಜಾಗದಲ್ಲಿ ತಗೋಬೇಕು. ಸಾಧ್ಯ ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ನೀನು ನಂಬೋ ಒಬ್ಬರು ಪಕ್ಕದಲ್ಲಿರಬಹುದು. ರಾತ್ರಿ ಸ್ಟೇಷನ್‌ನಲ್ಲಿ ಇಟ್ಕೊಳ್ಳೋ ಹಾಗಿಲ್ಲ. ನಿನ್ನ ಹೆಸರು ಪೇಪರ್‌ನಲ್ಲಿ ಬರಬಾರದು. ಇವೆಲ್ಲ ಕಾಯ್ದೆಯಲ್ಲೇ ಇವೆ, ನಾವು ಸಮಾಧಾನಕ್ಕೆ ಹೇಳೋ ಮಾತಲ್ಲ.

ಹದಿನೆಂಟರ ಒಳಗಿನ ಮದುವೆಯೂ ಇದೇ ಸಾಲಿಗೆ ಸೇರತ್ತೆ. ಕರ್ನಾಟಕದ ತಿದ್ದುಪಡಿ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮದುವೆ ನಿಶ್ಚಯ ಮಾಡಿರೋ ಅಪ್ಪ ಅಮ್ಮನನ್ನೇ ಕರೆಸಿ ‘ನಿಮ್ಮ ಮಗಳು ಹೀಗಂದ್ಲು’ ಅಂತ ಹೇಳಿದರೆ ಹುಡುಗಿ ನಾಳೆಯಿಂದ ಕಾಲೇಜಿಗೇ ಬರಲ್ಲ. ಮೊದಲು 1098.

8/9

ಈಗ ಎಲ್ಲರೂ ಡಿಎಂನಲ್ಲಿ ಕೇಳೋ ವಿಷಯ. ಲವ್.

ಹದಿನೇಳರ ಹುಡುಗಿ, ಹದಿನೆಂಟರ ಹುಡುಗ. ಇಬ್ಬರಿಗೂ ಇಷ್ಟ. ಇದು ಕೌನ್ಸೆಲರ್ ಹೊರಗೆ ಹೇಳಬೇಕಾದ ವಿಷಯವಾ?

ಇಷ್ಟಪಡೋದು, ಮಾತಾಡೋದು, ಮೆಸೇಜ್ ಮಾಡೋದು ಅಪರಾಧ ಅಲ್ಲ. ರೂಮಲ್ಲೇ ಉಳಿಯತ್ತೆ. ಆದರೆ ದೈಹಿಕ ಸಂಬಂಧದ ವಿಷಯ ಬಂದರೆ ಪೋಕ್ಸೋ ಪ್ರಕಾರ ಹದಿನೆಂಟರ ಒಳಗಿನವರ ಒಪ್ಪಿಗೆಗೆ ಬೆಲೆ ಇಲ್ಲ. ‘ನಾವಿಬ್ರೂ ಒಪ್ಕೊಂಡಿದ್ವಿ’ ಅನ್ನೋ ಮಾತಿಗೆ 19ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇಲ್ಲ.

ಈ ಕಾನೂನಿನ ಬಿಗಿ ನಮ್ಮ ಹೈಕೋರ್ಟ್‌ಗೂ ತಟ್ಟಿದೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠದ ಮುಂದೆ ಒಂದು ಕೇಸ್ ಬಂತು. ಹದಿನೇಳರ ಹುಡುಗಿ ಪ್ರೀತಿಸಿದವನ ಜೊತೆ ಹೋಗಿದ್ದಳು. ಮೇಲ್ಮನವಿ ವಿಚಾರಣೆಗೆ ಬರೋ ಹೊತ್ತಿಗೆ ಇಬ್ಬರೂ ಮದುವೆಯಾಗಿ ಸಂಸಾರ ನಡೆಸ್ತಾ ಇದ್ದರು. ಹುಡುಗನ ಬಿಡುಗಡೆಯನ್ನ ಎತ್ತಿಹಿಡಿದ ಪೀಠ, ಹದಿನಾರು ದಾಟಿದವರ ಇಂಥ ಕೇಸ್‌ಗಳನ್ನ ನೋಡಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳ್ತು. ಒಂಬತ್ತನೇ ಕ್ಲಾಸಿನಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಿ ಅಂತಲೂ ಹೇಳ್ತು. ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸೋದು ಬೇಡ ಅಂತು. ಹದಿನಾರರಿಂದ ಹದಿನೆಂಟರ ನಡುವಿನ ಇಂಥ ಕೇಸ್‌ಗಳಲ್ಲಿ ಶಿಕ್ಷೆ ವಿಧಿಸುವಾಗ ಕೋರ್ಟ್‌ಗೆ ವಿವೇಚನೆ ಇರಲಿ ಅಂತ ಸಲಹೆ ಕೊಡ್ತು.

ಡಾಕ್ಟರ್‌ಗಳಿಗೆ ಸಣ್ಣ ದಾರಿ ಸಿಕ್ಕಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳ್ಕೊಂಡರೆ, ಪೋಕ್ಸೋ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ ಅಂತು. ಹೆಸರು ಹೊರಬೀಳೋ ಭಯಕ್ಕೆ ಹುಡುಗೀರು ಅನರ್ಹರ ಹತ್ತಿರ ಹೋಗ್ತಾರೆ ಅನ್ನೋದು ಕೋರ್ಟ್‌ಗೆ ಕಂಡಿತ್ತು. ಕೌನ್ಸೆಲರ್‌ಗಳಿಗೆ ಅಂಥ ವಿನಾಯಿತಿ ಆ ತೀರ್ಪಿನಲ್ಲಿಲ್ಲ.

ಹಾಗಾದರೆ ನಾವೇನು ಮಾಡೋದು? ನನ್ನ ಅಭಿಪ್ರಾಯ: ಕಾನೂನನ್ನ ಹುಡುಗಿಗೆ ಮೊದಲೇ, ಪ್ರೀತಿಯ ಮಾತು ಶುರುವಾದ ತಕ್ಷಣ, ಸರಳವಾಗಿ ಹೇಳ್ಬಿಡಿ. ‘ನೀನು ಯಾರನ್ನ ಇಷ್ಟಪಡ್ತೀಯ ಅನ್ನೋದು ಇಲ್ಲೇ ಇರತ್ತೆ. ದೈಹಿಕ ಸಂಬಂಧ ಅಂತ ನೀನು ಹೇಳಿದರೆ ನನಗೆ ಕಾನೂನಿನ ಕರ್ತವ್ಯ ಬರತ್ತೆ. ಬಲವಂತ ಇದೆ, ಹೆದರಿಸ್ತಿದ್ದಾನೆ, ಫೋಟೊ ಇಟ್ಕೊಂಡಿದ್ದಾನೆ ಅಂದರೆ ದಯವಿಟ್ಟು ಹೇಳು, ಆಗ ನಾವು ಸೇರಿ ನಿನ್ನನ್ನ ಕಾಪಾಡೋಣ.’ ಕುತೂಹಲಕ್ಕೆ ಕೆದಕಿ ಕೇಳಬೇಡಿ. ಆದರೆ ಹುಡುಗ ಹುಡುಗಿಯ ನಡುವೆ ವಯಸ್ಸಿನ ಅಂತರ ದೊಡ್ಡದಿದ್ದರೆ, ಭಯ ಕಂಡರೆ, ದುಡ್ಡು ಉಡುಗೊರೆ ಕಂಡರೆ, ಕಂಡಿಲ್ಲ ಅಂತ ನಟಿಸಬೇಡಿ. ವಿಷಯ ಗೊತ್ತಾದಮೇಲೆ ಗೊತ್ತಿಲ್ಲ ಅನ್ನೋದು ಕರುಣೆ ಅಲ್ಲ. ಅದು ಕಾನೂನು ಮುರಿಯೋದು, ಮತ್ತು ಎಷ್ಟೋ ಸಲ ಹುಡುಗಿಯನ್ನ ಒಬ್ಬಳನ್ನೇ ಬಿಟ್ಟುಬಿಡೋದು.

ಇದು ಸಮಾಧಾನದ ಉತ್ತರ ಅಲ್ಲ ಅಂತ ನನಗೂ ಗೊತ್ತು. ಈ ಕಾನೂನು ಬದಲಾಗಬೇಕು ಅಂತ ವಾದ ಮಾಡೋರಲ್ಲಿ ನಾನೂ ಒಬ್ಬ. ಆದರೆ ಬದಲಾಗೋವರೆಗೂ ಅದರ ಭಾರವನ್ನ ಹುಡುಗಿಗೆ ಹೇಳದೆ ಅವಳ ಬಾಯಿ ಬಿಡಿಸೋದು ಮೋಸ.

9/9

ನನ್ನ ವಾದಕ್ಕೆ ಬರೋ ದೊಡ್ಡ ಆಕ್ಷೇಪ: ‘ಮೊದಲೇ ಇಷ್ಟೆಲ್ಲ ಹೇಳಿದರೆ ಮಕ್ಕಳು ಬಾಯೇ ಬಿಡಲ್ಲ.’

ಕೆಲವರು ಬಿಡಲ್ಲ, ನಿಜ. ಕೆಲವರು ಎರಡು ಸೆಷನ್ ತಡವಾಗಿ ಹೇಳ್ತಾರೆ. ಅದು ನಷ್ಟವೇ. ಆದರೆ ಇನ್ನೊಂದು ಕಡೆ ಏನಿದೆ ನೋಡಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಟ್ಟು ಮುರಿದರೆ ಆ ಹುಡುಗಿ ಇನ್ನು ಯಾವ ಕೌನ್ಸೆಲರ್ ಹತ್ತಿರವೂ ಹೋಗಲ್ಲ. ಅವಳೊಬ್ಬಳೇ ಅಲ್ಲ. ಬಿಡದಿಯಂಥ ಊರಲ್ಲಿ ಒಂದು ಕಾಲೇಜಿನ ಸುದ್ದಿ ಮಧ್ಯಾಹ್ನದೊಳಗೆ ಇನ್ನೊಂದು ಕಾಲೇಜಿಗೆ ಮುಟ್ಟತ್ತೆ. ‘ಆ ಮೇಡಂ ಹತ್ರ ಹೋಗ್ಬೇಡ, ಮನೇಲಿ ಹೇಳ್ಬಿಡ್ತಾರೆ’ ಅಂತ ಒಂದು ಮಾತು ಹಬ್ಬಿದರೆ ಆ ರೂಮಿಗೆ ಬೀಗ ಹಾಕಿದಂಗೇ. ಮಿತಿ ಗೊತ್ತಿದ್ದೂ ಬಂದು ಮಾತಾಡೋ ಮಗುವಿಗೆ ಕನಿಷ್ಠ ತಾನೇ ಆಯ್ಕೆ ಮಾಡಿದೆ ಅನ್ನೋದಾದರೂ ಇರತ್ತೆ.

ಇನ್ನೊಂದು ಮಾತು. ಗುಟ್ಟು ಬಾಯಿಂದಲೇ ಸೋರಬೇಕು ಅಂತಿಲ್ಲ. ಕಾಲೇಜಿನ ರಿಜಿಸ್ಟರ್‌ನಲ್ಲಿ ‘ಕಾರಣ’ ಅಂತ ಕಾಲಂ ಇದ್ದರೆ ಅಲ್ಲಿ ‘ಲವ್ ಫೇಲ್ಯೂರ್’ ಅಂತ ಬರೆದವರ ಕೈಯಿಂದಲೇ ಎಲ್ಲ ಹೋಯ್ತು. ರಿಜಿಸ್ಟರ್‌ಗೆ ಹೆಸರು, ದಿನ, ಸಮಯ ಸಾಕು. ಸೆಷನ್ ನೋಟ್ಸ್ ಬೇರೆ ಫೈಲಲ್ಲಿ, ಬೀಗದಲ್ಲಿ. ಅದರಲ್ಲೂ ಅಪಾಯದ ಬಗ್ಗೆ ಏನು ಕೇಳಿದೆ, ಏನು ಉತ್ತರ ಬಂತು, ಯಾರಿಗೆ ಎಷ್ಟು ಹೊತ್ತಿಗೆ ಏನು ತಿಳಿಸಿದೆ ಅನ್ನೋದು ಸ್ಪಷ್ಟವಾಗಿರಲಿ. ಹುಡುಗನ ಹೆಸರು, ಅಪ್ಪನ ಬಗ್ಗೆ ಸಿಟ್ಟಲ್ಲಿ ಅಂದ ಮಾತು ಅಲ್ಲಿ ಬೇಕಾಗಿಲ್ಲ. ನಾಳೆ ಆ ಫೈಲ್ ಕೋರ್ಟ್ ಕೇಳಬಹುದು, ಪೋಷಕರು ಕೇಳಬಹುದು. ಅವರು ಓದ್ತಾರೆ ಅಂದ್ಕೊಂಡೇ ಬರೀರಿ. ಸ್ಟಾಫ್ ರೂಮಲ್ಲಿ ಲೆಕ್ಚರರ್ ‘ಏನಂತೆ ಆ ಹುಡ್ಗೀದು?’ ಅಂತ ಕೇಳಿದರೆ ಅವರಿಗೆ ಬೇಕಾದಷ್ಟು ಅಂದರೆ ‘ಈ ವಾರ ಅಸೈನ್‌ಮೆಂಟ್‌ಗೆ ಸ್ವಲ್ಪ ಟೈಮ್ ಕೊಡಿ ಸರ್’. ಅಷ್ಟೇ.

ಇನ್ನು ಇದನ್ನ ಓದ್ತಿರೋ ಹದಿನೆಂಟು ತುಂಬದ ತಮ್ಮಂದಿರಿಗೆ, ತಂಗಿಯರಿಗೆ. ಕೌನ್ಸೆಲರ್ ಮುಂದೆ ಕೂತಾಗ ನೀವೇ ಮೂರು ಪ್ರಶ್ನೆ ಕೇಳಬಹುದು, ಅದು ಅಧಿಕಪ್ರಸಂಗ ಅಲ್ಲ. ‘ನಾನು ಹೇಳಿದ್ದರಲ್ಲಿ ಯಾವುದನ್ನ ನೀವು ಹೊರಗೆ ಹೇಳಲೇಬೇಕಾಗತ್ತೆ? ಹೇಳೋ ಮುಂಚೆ ನನಗೆ ತಿಳಿಸ್ತೀರಾ? ನಮ್ಮನೆಯವರು ಫೋನ್ ಮಾಡಿದರೆ ಏನಂತ ಹೇಳ್ತೀರಾ?’ ನೇರವಾಗಿ ಉತ್ತರ ಕೊಟ್ಟರೆ ಮಾತು ಶುರು ಮಾಡಿ. ‘ಅದೆಲ್ಲ ಯೋಚ್ನೆ ಮಾಡ್ಬೇಡ, ಯಾರಿಗೂ ಹೇಳಲ್ಲ’ ಅಂದರೆ ಇನ್ನೊಂದ್ಸಲ ಕೇಳಿ. ಆದರೆ ಜೀವಕ್ಕೋ ಮೈಗೋ ಅಪಾಯ ಇದ್ದರೆ ಉತ್ತರಕ್ಕೆ ಕಾಯಬೇಡಿ, ಯಾರಿಗಾದರೂ ಹೇಳ್ಬಿಡಿ: 1098, 14416, 112.

ಕ್ಲಾಸ್‌ಮೇಟ್ಸ್, ನಿಮಗೆ ಬೇರೆ ಅಭಿಪ್ರಾಯ ಇದ್ದರೆ, ಅದರಲ್ಲೂ ಎಂಟನೇ ಕ್ಯಾಪ್ಷನ್ ಬಗ್ಗೆ, ಕಾಮೆಂಟ್‌ನಲ್ಲಿ ಜಗಳ ಆಡಿ. ಆದರೆ ನೀವು ನೋಡಿದ ಯಾವ ಮಗುವಿನ ಕಥೆಯನ್ನೂ, ಹೆಸರು ಬದಲಿಸಿ ಕೂಡ, ಇಲ್ಲಿ ಬರೀಬೇಡಿ. ನಮ್ಮೂರು ಚಿಕ್ಕದು, ಗುರುತು ಸಿಕ್ಬಿಡತ್ತೆ.

#ಕೌನ್ಸೆಲಿಂಗ್ #ಗೌಪ್ಯತೆ #ಬಿಡದಿ #ಎಂಎಸ್‌ಡಬ್ಲ್ಯೂ #ಬೇಕಾದಷ್ಟುಮಾತ್ರ